ಉಡಿಯಲ್ಲಿ ಬಂದ ಕಾರ್ಡು

ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಒಂದು ಬಟ್ಟೆಯಂಗಡಿಯಲ್ಲಿ ನಾನು ಒಂದೂಮುಕ್ಕಾಲು ವರ್ಷ ಬಿಲ್ಲು ಹೊಡೆದೆ. 2004ರಲ್ಲಿ ಸೇರಿದೆ. ಬಿಟ್ಟದ್ದು ಹೇಗೆಂದು ಮುಂದೆ ಬರುತ್ತದೆ. ದಿನಾ ಬೆಳಿಗ್ಗೆ ಕಮಲಾಪುರದಿಂದ ಬಸ್ಸು, ರಾತ್ರಿ ವಾಪಸ್ಸು. ನಡುವಿನ ಹೊತ್ತಿನಲ್ಲಿ ಮೂರನೇ ಕೌಂಟರಿನ ಸ್ಟೂಲು. ಬಸ್ಸಿನಲ್ಲಿ ಕೂತು ಆ ದಿನದ್ದು ಆ ದಿನವೇ ಬರೆದಿಡುವ ಅಭ್ಯಾಸ ನನಗೆ ಹೈಸ್ಕೂಲಿನಿಂದ ಇದೆ. ಎಷ್ಟು ಬಿಲ್ಲು, ಎಷ್ಟು ನಗದು, ಯಾರು ಏನೆಂದರು, ಬಸ್ಸಿಗೆ ಚಿಲ್ಲರೆ ಸಿಕ್ಕಿತೋ ಇಲ್ಲವೋ. ಅದನ್ನು ಓದಿ ನಗುವವರಿದ್ದರು. ನಗಲಿ.

ನಾನು ಸೇರಿದ ವರ್ಷವೇ ಅಂಗಡಿಗೆ ಗಿಫ್ಟ್ ಕಾರ್ಡು ಬಂತು. ಹೈದರಾಬಾದಿನಲ್ಲಿ ನೋಡಿ ಬಂದ ಮಾಲೀಕ ಸೇಠಜಿಗೆ ಅದರ ಹುಚ್ಚು ಹಿಡಿದಿತ್ತು. ಕೆಂಪು ಬಣ್ಣದ ಪ್ಲಾಸ್ಟಿಕ್ ಕಾರ್ಡು, ಹಿಂದೆ ಕರಿ ಪಟ್ಟಿ, ಅದರ ಕೆಳಗೆ ಹನ್ನೆರಡು ಅಂಕಿ. ಗಿರಾಕಿಗಳು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು, ಒಳಗೆಲ್ಲೋ ದುಡ್ಡು ಕಂಡೀತು ಎಂಬಂತೆ. ಒಳಗೆ ಏನೂ ಇರುವುದಿಲ್ಲ. ದುಡ್ಡಿನ ಲೆಕ್ಕ ಇರುವುದು ಮೇಲಿನ ಮಹಡಿಯಲ್ಲಿ, ಲೆಕ್ಕ ಬರೆಯುವ ಮುನೀಮರ ಕೋಣೆಯ ದೊಡ್ಡ ಕಂಪ್ಯೂಟರಿನಲ್ಲಿ. ಕಾರ್ಡಿನಲ್ಲಿರುವುದು ನಂಬರು ಮಾತ್ರ. ಗಿರಾಕಿ ಐದು ಸಾವಿರ ಕೊಟ್ಟು ಕಾರ್ಡು ಕೊಂಡರೆ ನಾವು ಕೌಂಟರಿನಲ್ಲಿ ಆ ನಂಬರನ್ನು ಚಾಲೂ ಮಾಡಿ ಅದರ ಮುಂದೆ ಐದು ಸಾವಿರ ಎಂದು ಬರೆಸುತ್ತಿದ್ದೆವು. ಚಾಲೂ ಮಾಡದ ಕಾರ್ಡನ್ನು ಯಾರಾದರೂ ಡಬ್ಬಿಗಟ್ಟಲೆ ಕದ್ದರೂ ಅದು ಮಕ್ಕಳ ಆಟಕ್ಕಷ್ಟೇ.

ಆ ಐದು ಸಾವಿರವನ್ನು ಆ ದಿನದ ಮಾರಾಟಕ್ಕೆ ಸೇರಿಸುವ ಹಾಗಿರಲಿಲ್ಲ. ಬಟ್ಟೆ ಇನ್ನೂ ಹೋಗಿಲ್ಲವಲ್ಲ. ಅದು ಅಂಗಡಿ ಗಿರಾಕಿಗೆ ಕೊಡಬೇಕಾದ ಬಾಕಿ ಎಂದು ಬೇರೆ ತಲೆಬರಹದಲ್ಲಿ ಕೂರುತ್ತಿತ್ತು. ಕಾರ್ಡು ಹಿಡಿದವರು ಬಂದು ಬಟ್ಟೆ ಒಯ್ದಾಗ, ಒಯ್ದಷ್ಟು ಮಾತ್ರ ಮಾರಾಟವಾಗುತ್ತಿತ್ತು. ಉಳಿದದ್ದು ಬಿಲ್ಲಿನ ತಳದಲ್ಲಿ ಅಚ್ಚಾಗಿ ಬರುತ್ತಿತ್ತು. ನಗದಾಗಿ ಮಾತ್ರ ವಾಪಸ್ ಕೊಡುತ್ತಿರಲಿಲ್ಲ.

ನನ್ನ ಅಕ್ಕನ ನಿಶ್ಚಯಕ್ಕೆ ಇಂಥದ್ದೊಂದು ಕಾರ್ಡು ಬಂತು.

ವರನ ಕಡೆಯವರು ಕಲಬುರಗಿಯವರು. ವರನ ಕಾಕಾ ನಮ್ಮ ಅಂಗಡಿಯ ದೊಡ್ಡ ಗಿರಾಕಿ. ಎರಡು ಶಾಲೆಗಳಿಗೆ ಯೂನಿಫಾರ್ಮ್ ಹೊಲಿಸಿ ಕೊಡುವ ಗುತ್ತಿಗೆ ಅವರದು, ಬಟ್ಟೆಯನ್ನು ಥಾನುಗಟ್ಟಲೆ ಒಯ್ಯುತ್ತಿದ್ದರು. ಸೀರೆ ಕೊಟ್ಟರೆ ಎಲ್ಲರಂತಾಯಿತು, ಕಾರ್ಡು ಕೊಟ್ಟರೆ ಕಮಲಾಪುರದವರು ಬಾಯಿ ತೆರೆದು ನೋಡುತ್ತಾರೆ ಎಂದು ಅವರೇ ಐದು ಸಾವಿರದ್ದು ಕೊಂಡರು. ನಿಶ್ಚಯದ ದಿನ ಅವರ ಹೆಂಡತಿ ಅಕ್ಕನ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಬೇರು, ಖಣ, ಅದರ ಮೇಲೆ ಅರಿಶಿನ ಕುಂಕುಮ ಹಚ್ಚಿದ ಕೆಂಪು ಕಾರ್ಡು. ನಮ್ಮ ಓಣಿಯ ಹೆಂಗಸರು ನಿಜಕ್ಕೂ ಬಾಯಿ ತೆರೆದೇ ನೋಡಿದರು.

"ಇದರಾಗ ಸೀರಿ ಎಲ್ಲದರಿ?" ಎಂದು ಒಬ್ಬ ಮುದುಕಿ ಕೇಳಿದಳು.

"ಅಂಗಡ್ಯಾಗ ಅದ, ಆಯಿ," ಎಂದೆ ನಾನು.

"ಹಂಗಾದ್ರ ಅಂಗಡೀನ ಉಡ್ಯಾಗ ಹಾಕ್ಯಾರ ಅನ್ನು!"

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು.

ಮುಂದಿನ ವಾರ ಅವಳು ಮದುವೆಗೆಂದು ಸೀರೆ ಆರಿಸಲು ಬಂದಳು. ಸ್ವಂತ ಮನೆಯವರ ಬಿಲ್ಲನ್ನು ನಾವೇ ಹೊಡೆಯುವಂತಿಲ್ಲ ಎಂಬುದು ಅಂಗಡಿಯ ನಿಯಮ. ಆದ್ದರಿಂದ ಎರಡನೇ ಕೌಂಟರಿಗೆ ಕಳಿಸಿದೆ. ಅಲ್ಲಿದ್ದವಳು ಊರಿನ ರೋಜಾ ಬಡಾವಣೆಯಿಂದ ಬರುತ್ತಿದ್ದ ನನ್ನ ಗೆಳತಿ. ಕಾರ್ಡನ್ನು ಯಂತ್ರದಲ್ಲಿ ಮೂರು ಸಲ ಎಳೆದಳು. ಯಂತ್ರ ಓದಲಿಲ್ಲ. ಕರಿ ಪಟ್ಟಿಯ ತುಂಬ ಅರಿಶಿನ ಮೆತ್ತಿಕೊಂಡಿತ್ತು.

"ಅರೆ, ಕಾರ್ಡಿಗೂ ಹಲ್ದಿ ಹಚ್ಚೀರಿ ಕ್ಯಾ!" ಎಂದಳು. "ದುಲ್ಹನ್‌ಗೆ ಹಚ್ರಿ, ಯಂತ್ರಕ್ಕ ಯಾಕ?"

ಆಮೇಲೆ ಹನ್ನೆರಡು ಅಂಕಿಯನ್ನು ಕೈಯಿಂದಲೇ ಒತ್ತಿದಳು. ಸೀರೆ ಮೂರು ಸಾವಿರದ ನೂರೈವತ್ತು. ಕಾರ್ಡಿನಲ್ಲಿ ಉಳಿದದ್ದು ಸಾವಿರದ ಎಂಟುನೂರೈವತ್ತು.

ನಿಶ್ಚಯವಾದ ಹದಿನೆಂಟು ದಿನಕ್ಕೆ ಸಂಬಂಧ ಮುರಿಯಿತು. ಮುರಿದವರು ಅವರು. ಬೀದರಿನ ಕಡೆ ಒಂದು ಮನೆ ಹೆಚ್ಚು ಕೊಡಲು ಒಪ್ಪಿತ್ತಂತೆ. ಫೋನಿನಲ್ಲಿ ಎರಡೇ ಮಾತು ಹೇಳಿ ಮುಗಿಸಿದರು. ಮೂರನೇ ಮಾತು ಉಂಗುರ ಕಳಿಸಿ ಎಂಬುದು. ಅಪ್ಪ ಬಸ್ ನಿಲ್ದಾಣದಲ್ಲಿ ಕೆಂಪು ಬಾಳೆಹಣ್ಣು ಮಾರುವವನು, ಜಗಳ ಎಂದರೆ ಗಿರಾಕಿ ಕೆಡುತ್ತದೆ ಎಂದು ಹೆದರುವವನು. ಮರುದಿನವೇ ಉಂಗುರ ಮುಟ್ಟಿಸಿ ಬಂದ. ಎರಡು ದಿನ ಬಿಟ್ಟು ಮತ್ತೆ ಫೋನು. ಕಾರ್ಡೂ ಬೇಕಂತೆ.

"ಕೊಟ್ಟಬಿಡವ್ವ. ಪೀಡಾ ಹೋಗ್ಲಿ," ಎಂದ ಅಪ್ಪ.

ಅಕ್ಕ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಉಂಗುರ ಬೆರಳಿಗಿ ಹಾಕಿದ್ರು, ತಗದು ಕೊಟ್ಟೆ. ಕಾರ್ಡ್ ಉಡ್ಯಾಗ ಹಾಕ್ಯಾರ. ಉಡ್ಯಾಗ ಹಾಕಿದ್ದು ಯಾರ ಮನ್ಯಾಗ ವಾಪಸ್ ಕೇಳ್ತಾರ, ಹೇಳಪ್ಪ ನೀನು."

ನಮ್ಮ ಕಡೆ ಯಾರೂ ಕೇಳುವುದಿಲ್ಲ ಎಂಬುದು ಅಪ್ಪನಿಗೂ ಗೊತ್ತಿತ್ತು.

ಅಕ್ಕನಿಗೆ ಹೊಲಿಗೆ ಬರುತ್ತಿತ್ತು. ಮನೆಯಲ್ಲಿ ಅವ್ವನ ಕಾಲದ ಮಶಿನ್ ಇತ್ತು. ಹೆಂಗಸರಿಗೆ ಜಂಪರ ಹೊಲಿದುಕೊಡುತ್ತಿದ್ದಳು, ಆದರೆ ಒಳಗೆ ಹಚ್ಚುವ ಅಸ್ತರ ಬಟ್ಟೆ, ಸೀರೆಯ ಫಾಲು, ದಾರ ಎಲ್ಲ ಗಿರಾಕಿಯೇ ತರಬೇಕಿತ್ತು. ಕಮಲಾಪುರದಲ್ಲಿ ಅವು ಬಣ್ಣಕ್ಕೆ ಬಣ್ಣ ಹೊಂದುವಂತೆ ಸಿಗುತ್ತಿರಲಿಲ್ಲ. ಹಾಗಾಗಿ ಹೆಂಗಸರು ಕಲಬುರಗಿಗೆ ಹೋದವರು ಅಲ್ಲೇ ಹೊಲಿಸಿಕೊಂಡು ಬರುತ್ತಿದ್ದರು. ಐದು ಸಾವಿರದ ಮಾಲು ಮನೆಯಲ್ಲಿದ್ದರೆ ಅಕ್ಕ ಹೊಲಿಗೆಯನ್ನೇ ಉದ್ಯೋಗ ಮಾಡಿಕೊಳ್ಳಬಹುದಿತ್ತು. ಇನ್ನೊಂದು ವರನ ಕಡೆಯವರು ಬಂದು ಅವಳನ್ನು ನೋಡಿ ಹೋಗುವವರೆಗೆ ಮೂಲೆಯಲ್ಲಿ ಕೂರಬೇಕಿರಲಿಲ್ಲ. ಆ ರಾತ್ರಿ ಅವಳು ನನ್ನನ್ನು ಕೇಳಿದ್ದು ಒಂದೇ, "ಆ ಸೀರಿ ತಿರುಗಿ ಕೊಟ್ರ ರೊಕ್ಕ ಕಾರ್ಡಿಗಿ ಬರ್ತದೇನ?"

ಬರುತ್ತದೆ. ಬಿಲ್ಲು ಮತ್ತು ಸೀರೆಯ ಚೀಟಿ ಎರಡೂ ಇದ್ದು ಒಂದು ತಿಂಗಳು ದಾಟಿರಬಾರದು, ಅಷ್ಟೇ. ನಗದಿನಿಂದ ಕೊಂಡವರಿಗೆ ಕ್ರೆಡಿಟ್ ನೋಟು ಎಂದು ನಂಬರು ಹಾಕಿದ ಚೀಟಿ ಕೊಡುತ್ತಿದ್ದೆವು. ಕಾರ್ಡಿನಿಂದ ಕೊಂಡದ್ದಾದರೆ ಅದೇ ಕಾರ್ಡಿಗೆ ಜಮಾ. ಇಲ್ಲದಿದ್ದರೆ ಜನ ಕಾರ್ಡಿನಿಂದ ಕೊಂಡು, ತಿರುಗಿಸಿ, ನಗದು ಕೇಳುತ್ತಿದ್ದರು.

ಬುಧವಾರ ಅಕ್ಕ ಬಂದಳು. ಮಡಿಕೆ ಬಿಚ್ಚದ ಸೀರೆಯನ್ನು ಎರಡನೇ ಕೌಂಟರಿನಲ್ಲಿ ಇಟ್ಟಳು. ಕಾರ್ಡಿನ ಬಾಕಿ ಮತ್ತೆ ಐದು ಸಾವಿರವಾಯಿತು. ಅಸ್ತರದ ಹೊಸ ಮಾಲು ಗುರುವಾರ ಇಳಿಯುವುದಿತ್ತು. ಶುಕ್ರವಾರ ಬಂದು ಒಮ್ಮೆಗೇ ಒಯ್ಯುತ್ತೇನೆ ಎಂದು ಹೋದಳು.

ಗುರುವಾರ ಹನ್ನೊಂದರ ಹೊತ್ತಿಗೆ ವರನ ಕಾಕಾ ಬಂದರು. ನೇರ ನನ್ನ ಕೌಂಟರಿಗೇ. ನಾನು ಯಾರೆಂದು ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ನಿಂತರು. ಕಾರ್ಡು ಕೊಂಡಾಗಿನ ಬಿಲ್ಲನ್ನು ಮುಂದಿಟ್ಟರು.

"ಈ ಕಾರ್ಡ್ ಗುಮ್ ಆಗ್ಯಾದ. ಹೊಸಾದು ಕೊಡು."

ಇದಕ್ಕೂ ನಿಯಮ ಇತ್ತು. ಕಾರ್ಡು ಕಳೆದವರು ಕೊಂಡ ಬಿಲ್ಲು ತಂದು ಒಂದು ಕಾಗದ ಬರೆದುಕೊಟ್ಟರೆ ಹಳೆ ನಂಬರಿಗೆ ಬೀಗ ಹಾಕಿ, ಅದರಲ್ಲಿದ್ದ ಬಾಕಿಯನ್ನು ಹೊಸ ನಂಬರಿಗೆ ವರ್ಗ ಮಾಡುವುದು. ಆಮೇಲೆ ಹಳೆ ಕಾರ್ಡು ಹಿಡಿದು ಯಾರೇ ಬಂದರೂ ಅದು ನಡೆಯುವುದಿಲ್ಲ. ಬಿಲ್ಲಿನಲ್ಲಿದ್ದ ಕಾರ್ಡಿನ ನಂಬರನ್ನು ಒತ್ತಿದೆ. ಪರದೆಯ ಮೇಲೆ ಐದು ಸಾವಿರ ಬಂತು. ಅವರೂ ಬಗ್ಗಿ ನೋಡಿದರು.

"ನೋಡು, ಹಾಂಗೇ ಅದ. ಯಾರೂ ಮುಟ್ಟಿಲ್ಲ. ಕಳದದ್ದಕ್ಕ ಮತ್ತೇನು ಬೇಕು?"

ಬಾಕಿಯ ಕೆಳಗೆ ಇನ್ನೊಂದು ಗುಂಡಿ ಒತ್ತಿದರೆ ಆ ಕಾರ್ಡಿನ ಎಲ್ಲ ವ್ಯವಹಾರ ಬರುತ್ತದೆ. ಒತ್ತಿ, ಪರದೆಯನ್ನು ಅವರ ಕಡೆಗೆ ತಿರುಗಿಸಿದೆ.

"ಮೂರು ಸಾವಿರದ ನೂರೈವತ್ತು ಖರ್ಚಾಗ್ಯಾದರಿ. ಅಷ್ಟೇ ನಿನ್ನೆ ತಿರುಗಿ ಜಮಾ ಆಗ್ಯಾದ. ಕಳದ ಕಾರ್ಡ್ ನಿನ್ನೆ ಮಧ್ಯಾಹ್ನ ಈ ಅಂಗಡಿಗಿ ಬಂದಿತ್ತರಿ, ಕಾಕಾ. ಅದು ನಮ್ಮನ್ಯಾಗ ಅದ. ನಿಮಗೂ ಗೊತ್ತದ."

"ನಿಮ್ಮನ್ಯಾಗ ಅದ ಅಂದ್ರ ನಮಗ ಕಳದಂಗ ಅಲ್ಲೇನು?" ಎಂದು ನಕ್ಕರು. "ರೊಕ್ಕ ನಂದು, ಬಿಲ್ ನಂದು. ಬಾಳಿಹಣ್ಣು ಮಾರೋರಿಗಿ ಹಿಸಾಬ್ ಕಲಿಸ್ಬೇಕು ಈಗ."

"ಬಾಳಿಹಣ್ಣು ಒಮ್ಮಿ ಮಾರಿದ್ಮ್ಯಾಲ ನಾವು ತಿರುಗಿ ಕೇಳಂಗಿಲ್ಲರಿ."

ಎರಡನೇ ಕೌಂಟರಿನಿಂದ ಗೆಳತಿ ಕೆಮ್ಮಿದ್ದು ಕೇಳಿಸಿತು. ಕಾಕಾ ಸೇಠಜಿಯನ್ನು ಕರೆದರು. ಸೇಠಜಿ ಎರಡೂ ಕಡೆ ಕೇಳಿದರು. ಯೂನಿಫಾರ್ಮಿನ ಥಾನುಗಳು ಅವರ ಕಣ್ಣ ಮುಂದೆ ಹಾದುಹೋದದ್ದು ನನಗೆ ಕಾಣುತ್ತಿತ್ತು.

"ಬೀಗ ಹಾಕವ್ವ. ಖಾಲಿಪೀಲಿ ಮಾತ್ಯಾಕ," ಎಂದರು.

"ನನ್ನ ಪಾಸ್‌ವರ್ಡಿನಿಂದ ಹಾಕಂಗಿಲ್ಲರಿ, ಸೇಠಜಿ. ಕಳದಿಲ್ಲ ಅಂತ ಗೊತ್ತಿದ್ದು ಕಳದದ ಅಂತ ನಾ ಹ್ಯಾಂಗ ಒತ್ಲಿ? ನಾಳಿ ಯಾರು ಒತ್ಯಾರ ಅಂತ ತಗದು ನೋಡಿದ್ರ ನನ್ನ ಹೆಸರು ಬರ್ತದ."

"ಕೆಲಸಾ ಬ್ಯಾಡಾಗ್ಯಾದೇನು?"

"ಕೆಲಸಾ ಬೇಕರಿ. ಇದು ಬ್ಯಾಡ."

ಕೈಗಳನ್ನು ಕೀಬೋರ್ಡಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಸೇಠಜಿ ವ್ಯಾಪಾರಸ್ಥರು. ಎಲ್ಲರ ಎದುರು ತೀರ್ಪು ಹೇಳಿ ಒಬ್ಬ ಗಿರಾಕಿಯನ್ನಾದರೂ ಕಳೆದುಕೊಳ್ಳುವುದು ಅವರಿಗೆ ಬೇಕಿರಲಿಲ್ಲ. ಬೀಗ ಹಾಕುವ ಅಧಿಕಾರ ಮೂರನೇ ಕೌಂಟರಿನ ನನ್ನನ್ನು ಬಿಟ್ಟರೆ ಮುನೀಮರಿಗೆ ಮಾತ್ರ ಇತ್ತು. ಅವರು ಆ ದಿನ ಬ್ಯಾಂಕಿನ ಕೆಲಸ ಮುಗಿಸಿ ನಾಲ್ಕಕ್ಕೆ ಬರುವವರಿದ್ದರು.

"ನಾಕಕ್ಕ ಮುನೀಮ ಬರ್ತಾನ," ಎಂದರು ಸೇಠಜಿ ಕೊನೆಗೆ. "ಅಷ್ಟ್ರಾಗ ಕಾರ್ಡ್ ಬಂತೋ, ಕಾರ್ಡ್ ತಂದವರದು. ಬರಲಿಲ್ಲೋ, ಬಿಲ್ ತಂದವರದು. ನನ್ನ ತಲಿ ತಿನ್ನಬ್ಯಾಡ್ರಿ."

ಕಾಕಾ ಅಲ್ಲೇ ಕಾಗದ ಬರೆದರು. ಕಾರ್ಡು ತಮ್ಮ ಕೈಯಿಂದಲೇ ಕಳೆದಿದೆ ಎಂದು ಬರೆದು, ದೊಡ್ಡದಾಗಿ ಸಹಿ ಮಾಡಿ, ನಾಲ್ಕಕ್ಕೆ ಬರುತ್ತೇನೆಂದು ಹೋದರು.

ಊಟದ ಹೊತ್ತಿಗೆ ನಾನು ಹೊರಗೆ ಹೋಗಿ ಕಮಲಾಪುರದ ಬಸ್ ನಿಲ್ದಾಣದ ಎಸ್‌ಟಿಡಿ ಬೂತಿಗೆ ಫೋನು ಹಚ್ಚಿದೆ. ಬೂತಿನವನು ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಅಪ್ಪನ ಗಾಡಿ. ಅಪ್ಪ ಬಂದ. ಕಾಕಾ ಬಂದದ್ದನ್ನು ಹೇಳಿ, ಕಾರ್ಡಿನ ಜೊತೆ ಅಕ್ಕನನ್ನು ಕೂಡಲೇ ಕಳಿಸು ಎಂದೆ.

"ಕೊಟ್ಟಬಿಡ್ರಿ ಅಂತ ಅವತ್ತೇ ಹೇಳಿದ್ನಲ್ಲವ್ವ," ಎಂದ. "ಯಾಕ ಅವರ ಸಂಗಡ ಜಿದ್ದು?"

"ಅವರು ಕೊಡ್ರಿ ಅನ್ನಾಕತ್ತಿಲ್ಲಪ್ಪ. ಕಳದದ ಅಂತ ಬರದು ಸಹಿ ಮಾಡ್ಯಾರ. ನಾಳಿ ಅಕ್ಕ ಆ ಕಾರ್ಡ್ ತಗೊಂಡು ಬಂದ್ರ ಯಂತ್ರ ಬೀಗ ಹಾಕ್ಯಾದ ಅಂತದ. ಇದು ನಿನಗೆಲ್ಲಿ ಸಿಕ್ತು ಅಂತ ಎಲ್ಲಾರ ಮುಂದ ಕೇಳ್ತಾರ."

ಫೋನಿನಲ್ಲಿ ಬಸ್ಸಿನ ಹಾರ್ನು ಕೇಳುತ್ತಿತ್ತು, ಮೀಟರು ಓಡುತ್ತಿತ್ತು.

"ಅಂದ್ರ ನನ್ನ ಮಗಳು ಕಳ್ಳಿ ಆದಳೇನು?" ಎಂದ. ಅಷ್ಟು ಗಟ್ಟಿಯಾಗಿ ಅವನು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಇಡು ಫೋನ್. ನಾನೇ ಹೋಗಿ ಬಸ್ ಹತ್ತಸ್ತೀನಿ."

ಮೂರು ದಾಟಿದ ಮೇಲೆ ಅಕ್ಕ ಬಂದಳು. ಕೈಯಲ್ಲಿ ಕಾರ್ಡು, ಸೆರಗಿನ ತುದಿಯಲ್ಲಿ ಒಂದಿಷ್ಟು ಚಿಲ್ಲರೆ. ಒಳಗೆ ಹೋಗಿ ಅಸ್ತರದ ಕಪಾಟಿನ ಮುಂದೆ ನಿಂತಳು.

ಅವಳು ಅವಸರ ಮಾಡಲಿಲ್ಲ. ನಾನು ಕೂತಲ್ಲಿಂದಲೇ ಗಡಿಯಾರ ನೋಡುತ್ತಿದ್ದೆ. ಐದು ಸಾವಿರವನ್ನು ಯಾವುದೋ ಒಂದು ದುಬಾರಿ ಸೀರೆಗೆ ಸುರಿದು ಐದು ನಿಮಿಷದಲ್ಲಿ ಮುಗಿಸಬಹುದಿತ್ತು. ಅವಳು ಅಸ್ತರದ ಬಟ್ಟೆಯನ್ನು ಬೆರಳಿನಲ್ಲಿ ತಿಕ್ಕಿ ನೋಡಿದಳು, ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಕೈಯಿಂದ ಮುಟ್ಟಿ ನೋಡಿದಳು. ಇಪ್ಪತ್ತು ಮೀಟರಿನ ಐದು ಥಾನು. ಫಾಲು ಹತ್ತು ಡಜನ್, ಎರಡು ಡಜನ್ ಬರೀ ಕೆಂಪು, ಮದುವೆಯ ದಿನಗಳು ಬರುತ್ತಿದ್ದವಲ್ಲ. ದಾರ, ಹುಕ್ಕು, ಕ್ಯಾನ್ವಾಸು, ಲೇಸು. ಮಾಲು ಎರಡನೇ ಕೌಂಟರಿನ ಮೇಲೆ ಏರುತ್ತಾ ಹೋಯಿತು. ಗೆಳತಿ ಒಂದೊಂದನ್ನೇ ಹೊಡೆಯುತ್ತಿದ್ದಳು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಮುನೀಮರು ಬಂದು ಮೆಟ್ಟಿಲು ಹತ್ತಿದರು. ಅವರ ಹಿಂದೆಯೇ ಕಾಕಾ. ಬಾಗಿಲಿನಿಂದಲೇ, ಎರಡನೇ ಕೌಂಟರಿನ ಮುಂದಿದ್ದ ಅಕ್ಕನನ್ನು ಕಂಡರು.

"ಬಂದೀ? ಚಲೋ ಆಯ್ತು. ಹಳೇ ಕಾರ್ಡ್ ಕಸದ ಬುಟ್ಟ್ಯಾಗ ಹಾಕಿ ಹೋಗು," ಎಂದು, ಸಹಿ ಮಾಡಿದ ಕಾಗದ ಹಿಡಿದು ದಡದಡನೆ ಮೇಲೆ ಹೋದರು.

"ಸೇಠಜಿ, ಕಾರ್ಡ್ ಬಂದದ ನೋಡ್ರಿ!" ಎಂದು ನಾನು ಕೂಗಿದೆ. ಸೇಠಜಿ ತಮ್ಮ ದುಡ್ಡಿನ ಗಲ್ಲೆಯ ಹಿಂದಿನಿಂದ ನೋಡಿದರು. ಕೇಳಿಸಿತು ಎಂಬಂತೆ ತಲೆಯಾಡಿಸಿದರು. ಮೇಲಕ್ಕೆ ಕೂಗಿ ಹೇಳಲಿಲ್ಲ.

ಅಂದರೆ ಮೇಲೆ ಬೀಗ ಬಿದ್ದರೆ ಬೀಳಲಿ, ಕೆಳಗೆ ಬಿಲ್ಲಾದರೆ ಆಗಲಿ. ಯಾವುದು ಮೊದಲೋ ಅದು.

"ಬಿಲ್ ಮುಗ್ಸು," ಎಂದೆ ಗೆಳತಿಗೆ.

ಒಟ್ಟು ಐದು ಸಾವಿರದ ಮೂವತ್ತೆಂಟು. ಅವಳು ಪಾವತಿಯ ಪುಟ ತೆರೆದು ಕಾರ್ಡು ಎಂದು ಒತ್ತಿದಳು. ಹನ್ನೆರಡು ಅಂಕಿಯನ್ನು ಅಕ್ಕನೇ ಓದಿ ಹೇಳಿದಳು, ನಿಧಾನಕ್ಕೆ, ಶಾಲೆಯಲ್ಲಿ ಮಗ್ಗಿ ಹೇಳುವಂತೆ. ಬಾಕಿ ಐದು ಸಾವಿರ ಎಂದು ಬಂತು. ಗೆಳತಿ ಸರಿ ಎಂದು ಒತ್ತಿದಳು. ಪರದೆ ನಿಂತುಬಿಟ್ಟಿತು.

ಜನ ಹೆಚ್ಚಿದ್ದಾಗ ಹಾಗೆ ಆಗುತ್ತಿತ್ತು. ಕೆಳಗಿನ ಯಂತ್ರ ಮೇಲಿನದನ್ನು ಕೇಳಿ, ಮೇಲಿನದು ಕಳೆದು, ಕಳೆದೆ ಎಂದು ಉತ್ತರ ಕೊಡುವವರೆಗೆ ಕೆಳಗಿನದು ಕಾಯುತ್ತದೆ. ಉತ್ತರ ಬಾರದಿದ್ದರೆ ದುಡ್ಡು ಕಳೆದಿದೆಯೋ ಇಲ್ಲವೋ ಕೆಳಗೆ ಕೂತವರಿಗೆ ಗೊತ್ತಾಗುವುದಿಲ್ಲ. ಗೆಳತಿ ಬಿಲ್ಲನ್ನು ರದ್ದು ಮಾಡಿ ಮೊದಲಿಂದ ಹೊಡೆಯಲು ಕೈ ಎತ್ತಿದಳು.

"ಮುಟ್ಟಬ್ಯಾಡ!" ಎಂದೆ. "ರದ್ದು ಮಾಡಿದ್ರ ಕಾರ್ಡ್ ಬಿಡ್ತದ. ಬಿಟ್ಟ ಕ್ಷಣ ಮ್ಯಾಲ ಬೀಗ ಬೀಳ್ತದ."

ಒಂದು ಬಿಲ್ಲಿನ ಪಾವತಿ ಪುಟದಲ್ಲಿ ತೆರೆದಿರುವ ಕಾರ್ಡನ್ನು ಇನ್ನೊಂದು ಯಂತ್ರ ತಿದ್ದಲು ಬಿಡುವುದಿಲ್ಲ. ಇಲ್ಲದಿದ್ದರೆ ಒಂದೇ ಬಾಕಿಯನ್ನು ಎರಡು ಕೌಂಟರಿನಲ್ಲಿ ಎರಡು ಸಲ ಖರ್ಚು ಮಾಡಿಯಾರು. ಆಗಲೇ ಮೇಲಿನಿಂದ ಮುನೀಮರ ದನಿ ಬಂತು.

"ಎರಡನೇ ಕೌಂಟರ್! ಆ ಕಾರ್ಡ್ ಬಿಡ್ರಿ! ಬಳಕೆಯಲ್ಲಿ ಅದ ಅಂತ ತೋರಸ್ಲಿಕತ್ತದ, ಬೀಗ ಬೀಳವಲ್ತು!"

ಗೆಳತಿ ಕತ್ತೆತ್ತಿದಳು. "ಬಳಕೆ ಆಗ್ಲಿಕತ್ತದ ಸಾಬ್, ಅದಕ್ಕ ತೋರಸ್ಲಿಕತ್ತದ! ಗಿರಾಕಿ ನಿಂತಾರ!"

ಅಕ್ಕ ಎರಡೂ ಕೈಗಳನ್ನು ಅಸ್ತರದ ಗಂಟಿನ ಮೇಲೆ ಇಟ್ಟುಕೊಂಡು ನಿಂತಿದ್ದಳು. ಯಾರೋ ಹಿಂದಿನಿಂದ ಬೇಗ ಮಾಡ್ರಿ ಎಂದರು. ಪರದೆ ಒಮ್ಮೆ ಮಿನುಗಿತು. ಕಾರ್ಡಿನಿಂದ ಐದು ಸಾವಿರ. ನಗದು ಬರಬೇಕಾದದ್ದು ಮೂವತ್ತೆಂಟು. ಅಕ್ಕ ಸೆರಗಿನ ಗಂಟು ಬಿಚ್ಚಿ ಎಣಿಸಿ ಕೊಟ್ಟಳು. ಬಿಲ್ಲು ಕರಕರನೆ ಹೊರಗೆ ಬಂತು.

ಕಾಕಾ ಮೆಟ್ಟಿಲಿಳಿದು ಬರುವಾಗ ಮುಖ ಕೆಂಪಾಗಿತ್ತು. "ಮುನೀಮರು ಈಗ ಬೀಗ ಹಾಕ್ಯಾರ. ನನ್ನ ಹೊಸ ಕಾರ್ಡ್ ತಾ," ಎಂದರು ನನಗೆ.

ನಾನು ಹೊಸ ಕಾರ್ಡೊಂದನ್ನು ತೆಗೆದೆ. ಹಳೆಯ ನಂಬರನ್ನು ಒತ್ತಿ ಪರದೆಯನ್ನು ಮತ್ತೆ ಅವರ ಕಡೆಗೆ ತಿರುಗಿಸಿದೆ.

"ಬಾಕಿ ಸೊನ್ನೆ ಅದರಿ, ಕಾಕಾ. ಸೊನ್ನೆ ವರ್ಗ ಮಾಡಿ ಕೊಡ್ಲೇನು?"

ಸಾಲಿನಲ್ಲಿದ್ದವರು ನಕ್ಕರು. ಅವರಿಗೆ ವಿಷಯ ಗೊತ್ತಿರಲಿಲ್ಲ, ಸೊನ್ನೆ ಮಾತ್ರ ಅರ್ಥವಾಗಿತ್ತು. ಕಾಕಾ ಸೇಠಜಿಯ ಕಡೆ ತಿರುಗಿ, ಇಂಥ ಮಂದಿಯನ್ನು ಇಟ್ಟುಕೊಂಡ ಅಂಗಡಿಯ ಹೊಸ್ತಿಲು ಇನ್ನು ತುಳಿಯುವುದಿಲ್ಲ ಎಂದರು. ಅಕ್ಕ ಗಂಟು ಕಟ್ಟುತ್ತಾ ಇದ್ದಳು. ತಲೆ ಎತ್ತದೆಯೇ ಹೇಳಿದಳು, "ಕಾಕಾ, ಬೀದರಿನವರ ಉಡ್ಯಾಗ ಕಾರ್ಡ್ ಹಾಕಬ್ಯಾಡ್ರಿ. ಸೀರಿ ಹಾಕ್ರಿ. ತಿರುಗಿ ತರಾಕ ಸಲೀಸ್ ಆಗ್ತದ."

ಅವರು ಹೋದರು. ಸೇಠಜಿ ನನ್ನ ಕೌಂಟರಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ನಾಳಿಯಿಂದ ಬರಬ್ಯಾಡವ್ವ," ಎಂದರು. ಸಿಟ್ಟಿರಲಿಲ್ಲ. ಎರಡು ಶಾಲೆಯ ಯೂನಿಫಾರ್ಮಿಗೆ ಒಬ್ಬಳು ಹುಡುಗಿ, ಅವರ ಲೆಕ್ಕ ಅಷ್ಟೇ. ನನಗೂ ಅದು ಬೆಳಗಿನಿಂದ ಗೊತ್ತಿತ್ತು. ಗೊತ್ತಿದ್ದೂ ಕೂತಿದ್ದೆ. ಇವತ್ತು ಮತ್ತೆ ಅದೇ ಸ್ಟೂಲಿನ ಮೇಲೆ ಕೂರಿಸಿ ಅದೇ ಗುಂಡಿ ತೋರಿಸಿದರೂ ಒತ್ತುವುದಿಲ್ಲ.

ನನ್ನ ಕೌಂಟರಿನ ಗಲ್ಲೆಯನ್ನು ಅವರ ಎದುರಿಗೇ ತೆಗೆದು ನಗದು ಎಣಿಸಿ ಕೊಟ್ಟೆ. ಒಂದು ರೂಪಾಯಿ ಆಚೀಚೆ ಇರಲಿಲ್ಲ. ಇವತ್ತಿನವರೆಗಿನ ಪಗಾರ ಈಗಲೇ ಬೇಕು ಎಂದೆ. ಸೇಠಜಿ ಒಂದು ಸಲ ನನ್ನ ಮುಖ ನೋಡಿ, ತಮ್ಮ ಜೇಬಿನಿಂದ ಕೊಟ್ಟರು.

ಕೆಲಸದ ಹುಡುಗಿಯರು ಹಿಂದಿನ ಓಣಿಯ ಬಾಗಿಲಿನಿಂದ ಹೋಗಬೇಕು, ಹೋಗುವಾಗ ಚೀಲ ಬಿಚ್ಚಿ ತೋರಿಸಬೇಕು. ಒಂದೂಮುಕ್ಕಾಲು ವರ್ಷ ಹಾಗೇ ಹೋಗಿದ್ದೆ. ಅಂದು ಅಕ್ಕನ ಜೊತೆ ಎರಡು ಗಂಟು ಹೊತ್ತು ಮುಂದಿನ ಗಾಜಿನ ಬಾಗಿಲಿಗೆ ನಡೆದೆ. ಬಾಗಿಲು ಕಾಯುವವನು ಅಭ್ಯಾಸದಿಂದ ನನ್ನನ್ನು ತಡೆದ.

"ಬಿಲ್ ಅದ," ಎಂದು ಅಕ್ಕ ತೋರಿಸಿದಳು.

ಅವನು ಬಿಲ್ಲಿನ ಮೇಲೆ ಗೀಟು ಎಳೆದು ಬಾಗಿಲು ತೆರೆದ. ಹೊರಗೆ ಆಟೋಗಳು ಒಂದರ ಮೇಲೊಂದು ಬಿದ್ದಂತೆ ನಿಂತಿದ್ದವು. ಬಸ್ ನಿಲ್ದಾಣಕ್ಕೆ ಎಷ್ಟು ಎಂದು ಅಕ್ಕ ಚೌಕಾಸಿ ಶುರುಮಾಡಿದಳು. ಅವಳ ಸೆರಗಿನಲ್ಲಿ ಉಳಿದಿದ್ದ ಚಿಲ್ಲರೆಯಷ್ಟಕ್ಕೇ ಕೊನೆಗೂ ಒಬ್ಬ ಒಪ್ಪಿದ.